ಫಿಶಿಂಗ್ ಪದದೊಳಗೆ ಪಿ-ಎಚ್ ಹೇಗೆ ಬಂತು?

ಗಂಗಾವತಿಯ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಇಂಗ್ಲಿಷ್ ಪಿರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲವರೆಗೂ ನನ್ನ ಹಿಂದೆಯೇ ಬಂದ. ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಚೀಟಿ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಒಂದೇ ಒಂದು ಪದ: `phishing`.

“ಸರ್, ಇದು ತಪ್ಪಲ್ರೀ? ಮೀನು ಹಿಡಿಯೋದಕ್ಕ ಎಫ್ ಬರ್ತೈತಲ್ರೀ?”

ಎಲ್ಲಿ ನೋಡಿದೆ ಎಂದು ಕೇಳಿದೆ.

“ಅಪ್ಪನ ಮೊಬೈಲಿಗೆ ಬ್ಯಾಂಕಿನವ್ರು ಕಳಿಸ್ಯಾರ್ರೀ. ಸ್ಪೆಲ್ಲಿಂಗ್ ತಪ್ಪಿದ್ರ ಅದು ಕಳ್ಳ ಮೆಸೇಜು ಅಂತ ನೀವ ಹೇಳಿದ್ರಲ್ರೀ. ಅದಕ್ಕ ಅಪ್ಪ ಡಿಲೀಟ್ ಮಾಡಿಬಿಟ್ಟ.”

ಹುಡುಗ ಹೇಳಿದ್ದು ನಿಜ. ಕಾಗುಣಿತ ತಪ್ಪಿದ ಸಂದೇಶವನ್ನು ನಂಬಬೇಡಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ತರಗತಿಯಲ್ಲಿ ಹೇಳಿದ್ದೆ. ಆದರೆ ಬ್ಯಾಂಕು ಮೋಸದ ಬಗ್ಗೆ ಎಚ್ಚರಿಸಲು ಬಳಸುವ ಪದವೇ ಇಂಗ್ಲಿಷ್ ಓದುವ ಮಗುವಿನ ಕಣ್ಣಿಗೆ ಕಾಗುಣಿತದ ತಪ್ಪಿನ ಹಾಗೆ ಕಾಣುತ್ತದೆ. ಹೀಗಾಗಿ ಎಚ್ಚರಿಕೆಯ ಸಂದೇಶವೇ ಕಳ್ಳ ಸಂದೇಶವೆಂದು ಅಳಿಸಿಹೋಯಿತು. ಅದಾದ ಹದಿನೈದು ದಿನಕ್ಕೆ ಅದೇ ಮೊಬೈಲಿಗೆ ನಿಜವಾದ ಗಾಳ ಬಂತು. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹುಡುಗನ ಪ್ರಶ್ನೆಗೆ ಉತ್ತರ ಕೊಡಬೇಕು. ಆ ಉತ್ತರ ಗೊತ್ತಿದ್ದವರಿಗೆ ಗಾಳವೂ ಬೇಗ ಕಾಣುತ್ತದೆ.

ಪದದ ಅರ್ಧ ಭಾಗ ಮೀನು ಹಿಡಿಯುವುದೇ, ಅದರಲ್ಲಿ ಗುಟ್ಟಿಲ್ಲ. ಗಾಳಕ್ಕೆ ಎರೆಹುಳ ಸಿಕ್ಕಿಸಿ ನೀರಿಗೆ ಬಿಟ್ಟು ಕಾಯುವವನಿಗೆ ಕೆರೆಯ ಎಲ್ಲ ಮೀನೂ ಬೇಕಾಗಿಲ್ಲ, ಹಸಿದ ಒಂದು ಕಚ್ಚಿದರೆ ಸಾಕು. ಸಾವಿರ ಜನಕ್ಕೆ ಒಂದೇ ಸುಳ್ಳು ಸಂದೇಶ ಕಳಿಸಿ, ನಂಬಿದ ಒಬ್ಬರಿಂದ ಪಾಸ್‌ವರ್ಡ್ ಎಳೆದುಕೊಳ್ಳುವ ಕೆಲಸಕ್ಕೆ ಈ ಹೆಸರು ಸರಿಯಾಗಿ ಕೂತಿದೆ. ಎಫ್ ಇರಬೇಕಾದ ಜಾಗಕ್ಕೆ ಪಿ-ಎಚ್ ಬಂದಿದ್ದು ಮಾತ್ರ ಮೀನಿನಿಂದ ಅಲ್ಲ, ಟೆಲಿಫೋನಿನಿಂದ.

ಅಮೆರಿಕದಲ್ಲಿ 1960ರ ದಶಕದ ಹೊತ್ತಿಗೆ ದೂರದ ಊರಿಗೆ ಫೋನ್ ಮಾಡುವುದು ದುಬಾರಿಯಾಗಿತ್ತು. ಆಗಿನ ವ್ಯವಸ್ಥೆಯಲ್ಲಿ ಒಂದು ದೊಡ್ಡ ದೌರ್ಬಲ್ಯವಿತ್ತು. ಎರಡು ಊರಿನ ಎಕ್ಸ್‌ಚೇಂಜುಗಳ ನಡುವಿನ ತಂತಿಯಲ್ಲಿ ಜನರ ಮಾತು ಹರಿಯುತ್ತಿತ್ತು. ಎಕ್ಸ್‌ಚೇಂಜಿನ ಯಂತ್ರಗಳು ಒಂದಕ್ಕೊಂದು ಕೊಡುವ ಆಜ್ಞೆಯೂ ಅದೇ ತಂತಿಯಲ್ಲಿ, ಕಿವಿಗೆ ಕೇಳುವ ಸ್ವರದ ರೂಪದಲ್ಲೇ ಹರಿಯುತ್ತಿತ್ತು. ಈ ಸಾಲು ಈಗ ಖಾಲಿ ಇದೆ ಎಂದು ತಿಳಿಸುವುದಕ್ಕೆ 2600 ಹರ್ಟ್ಸ್‌ನ ಒಂದು ಸ್ವರ. ಸೆಕೆಂಡಿಗೆ 2600 ಸಲ ಕಂಪಿಸುವ, ಶಿಳ್ಳೆಯಷ್ಟು ತೆಳುವಾದ ನಾದ ಅದು.

ಇದನ್ನು ಕಂಡುಕೊಂಡವರು ಮಾಡಿದ್ದು ಇಷ್ಟು. ಮೊದಲು ದುಡ್ಡು ಬೀಳದ ಟೋಲ್-ಫ್ರೀ ನಂಬರಿಗೆ ಫೋನ್ ಹಚ್ಚುವುದು. ಸಾಲು ಸಿಕ್ಕಿದ ಮೇಲೆ ರಿಸೀವರಿನೊಳಗೆ 2600ರ ಸ್ವರ ಊದುವುದು. ಆ ಸ್ವರ ಕೇಳಿದ ಆಚೆ ಊರಿನ ಯಂತ್ರ, ಇವನು ಫೋನ್ ಇಟ್ಟ, ಸಾಲು ಖಾಲಿಯಾಯಿತು ಎಂದು ತಿಳಿಯುತ್ತಿತ್ತು. ಸ್ವರ ನಿಂತ ಕೂಡಲೇ, ಹೊಸ ಕರೆ ಬರುತ್ತಿದೆ, ನಂಬರು ಹೇಳು ಎಂದು ಕಾಯುತ್ತಿತ್ತು. ಈಚೆ ಊರಿನ ಬಿಲ್ಲಿನ ಯಂತ್ರದ ಲೆಕ್ಕದಲ್ಲಿ ಮಾತ್ರ ಇವನಿನ್ನೂ ಟೋಲ್-ಫ್ರೀ ನಂಬರಿನಲ್ಲೇ ಇದ್ದಾನೆ. ಆಗ ನೀಲಿ ಡಬ್ಬಿ ಎಂದು ಕರೆಯುತ್ತಿದ್ದ ಸಣ್ಣ ಪೆಟ್ಟಿಗೆಯಿಂದ ಯಂತ್ರಕ್ಕೆ ಅರ್ಥವಾಗುವ ಬೇರೆ ಸ್ವರಗಳನ್ನು ನುಡಿಸಿದರೆ ದೇಶದ ಯಾವ ಮೂಲೆಗೂ ಪುಕ್ಕಟೆ ಕರೆ.

ಕಣ್ಣು ಕಾಣದ ಜೋ ಎಂಗ್ರೇಸಿಯಾ ಎಂಬ ಹುಡುಗ ಪೆಟ್ಟಿಗೆ ಗಿಟ್ಟಿಗೆ ಏನೂ ಇಲ್ಲದೆ ಬರಿಯ ಶಿಳ್ಳೆಯಲ್ಲೇ ಆ ಸ್ವರ ಹಿಡಿಯುತ್ತಿದ್ದ. ಜಾನ್ ಡ್ರೇಪರ್ ಎಂಬಾತ ಬೆಳಗಿನ ತಿಂಡಿಯ ಡಬ್ಬಿಯೊಂದಿಗೆ ಮಕ್ಕಳಿಗೆ ಕೊಡುತ್ತಿದ್ದ ಆಟಿಕೆ ಪೀಪಿಯಿಂದಲೇ ಅದನ್ನು ಹೊರಡಿಸಿ, ಆ ತಿಂಡಿಯ ಹೆಸರಿನಲ್ಲೇ ಕ್ಯಾಪ್ಟನ್ ಕ್ರಂಚ್ ಎಂದು ಹೆಸರಾದ. 1971ರಲ್ಲಿ ಎಸ್ಕ್ವೈರ್ ಎಂಬ ಅಮೆರಿಕದ ಪತ್ರಿಕೆ ಈ ಗುಂಪಿನ ಬಗ್ಗೆ ಉದ್ದನೆಯ ಲೇಖನ ಬರೆದ ಮೇಲೆ ಇವರ ಸುದ್ದಿ ಮನೆಮನೆ ಮುಟ್ಟಿತು.

ಈ ಹುಚ್ಚಿನವರನ್ನು ಏನೆಂದು ಕರೆಯಬೇಕು? ಒಂದು ವಿಷಯದ ಹಿಂದೆ ಹುಚ್ಚು ಹಿಡಿದು ಬಿದ್ದವರನ್ನು ಆಗಿನ ಅಮೆರಿಕದ ಯುವಕರು ಫ್ರೀಕ್ ಎನ್ನುತ್ತಿದ್ದರು. ಅದರ ಕಾಗುಣಿತ `freak`. ಫೋನಿನ ಹುಚ್ಚಿನವರಾದ್ದರಿಂದ `phone` ಪದದ ಮೊದಲೆರಡು ಅಕ್ಷರಗಳನ್ನು ತಂದು ಎಫ್ ಇದ್ದ ಜಾಗಕ್ಕೆ ಕೂರಿಸಿದರು. ಹಾಗೆ ಹುಟ್ಟಿದ್ದು `phreak`. ಉಚ್ಚಾರದಲ್ಲಿ ಏನೂ ಬದಲಾಗಲಿಲ್ಲ. ಬರೆದಾಗ ಮಾತ್ರ ಗುರುತು ಸಿಗುತ್ತದೆ, ಇವನು ನಮ್ಮವನು ಎಂಬ ಗುರುತು. ಮುಂದೆ ಕಂಪ್ಯೂಟರು ಬಂದಾಗ ಹ್ಯಾಕರ್ ಗುಂಪುಗಳು ಎಫ್ ಬದಲು ಪಿ-ಎಚ್ ಬರೆಯುವುದನ್ನು ತಮ್ಮ ಸಹಿಯ ಹಾಗೆ ಉಳಿಸಿಕೊಂಡವು. 1984ರಲ್ಲಿ ಶುರುವಾದ ಅವರ ಪತ್ರಿಕೆಯ ಹೆಸರೇ `2600`.

ಈಗ 1990ರ ದಶಕದ ಮಧ್ಯಕ್ಕೆ ಬರೋಣ. ಅಮೆರಿಕಾ ಆನ್‌ಲೈನ್, ಅಂದರೆ ಎಒಎಲ್, ಆ ದೇಶದ ಮನೆಗಳಿಗೆ ಇಂಟರ್ನೆಟ್ ಮುಟ್ಟಿಸುತ್ತಿದ್ದ ದೊಡ್ಡ ಕಂಪನಿ. 1996ರ ಕೊನೆಯವರೆಗೂ ಅದರ ಬಿಲ್ಲು ಗಂಟೆಯ ಲೆಕ್ಕ. ದುಡ್ಡಿಲ್ಲದ ಹುಡುಗರು ಲೆಕ್ಕಕ್ಕೆ ಸರಿಹೊಂದುವ ಸುಳ್ಳು ಕ್ರೆಡಿಟ್ ಕಾರ್ಡ್ ನಂಬರುಗಳನ್ನು ಹೊಸೆದು ಖಾತೆ ತೆರೆಯುತ್ತಿದ್ದರು. ಕಂಪನಿ 1995ರಲ್ಲಿ ಆ ದಾರಿ ಮುಚ್ಚಿತು. ಸುಳ್ಳು ಖಾತೆ ಆಗದಿದ್ದರೆ ನಿಜವಾದ ಖಾತೆಯನ್ನೇ ಕದಿಯಬೇಕು, ಅದಕ್ಕೆ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಪಡೆಯುವ ಅತಿ ಸುಲಭದ ದಾರಿ ಕೇಳಿಬಿಡುವುದು. ನಾವು ಕಂಪನಿಯ ಸಿಬ್ಬಂದಿ, ನಿಮ್ಮ ಖಾತೆ ಪರಿಶೀಲಿಸಬೇಕಾಗಿದೆ, ಪಾಸ್‌ವರ್ಡ್ ತಿಳಿಸಿ ಎಂದು ಚಾಟಿನಲ್ಲಿ ಸಂದೇಶ ಕಳಿಸುತ್ತಿದ್ದರು. ಆ ಕಾಲದಲ್ಲಿ ಹರಿದಾಡಿದ `AOHell` ಎಂಬ ಪ್ರೋಗ್ರಾಂನಲ್ಲಿ ಪಾಸ್‌ವರ್ಡ್ ಮತ್ತು ಕಾರ್ಡ್ ನಂಬರು ಕದಿಯುವುದಕ್ಕೆಂದೇ ಒಂದು ಸಲಕರಣೆ ಇತ್ತು.

ಮೀನು ಹಿಡಿಯುವ ಮಾತಿಗೆ ಪಿ-ಎಚ್ ಸೇರಿದ್ದು ಈ ಹುಡುಗರ ನಡುವೆ. ಫ್ರೀಕರ್‌ಗಳ ಕಾಗುಣಿತ ಅವರ ಕಣ್ಣೆದುರೇ ಇತ್ತು. ಪದದ ಹಳೆಯ ದಾಖಲೆಗಳು 1996ರ ಜನವರಿಯವು, ಯೂಸ್‌ನೆಟ್ ಎಂಬ ಚರ್ಚಾ ಜಾಲದಲ್ಲಿ ಸಿಗುತ್ತವೆ. ಅದರಲ್ಲಿ ಹ್ಯಾಕರ್‌ಗಳು ಸೇರುತ್ತಿದ್ದ ಒಂದು ಗುಂಪಿನ ಹೆಸರು `alt.2600`. ಫೋನಿನ ಆ ಹಳೆಯ ಶಿಳ್ಳೆ ಅಲ್ಲಿಯವರೆಗೂ ಕೇಳಿಸುತ್ತಿತ್ತು. ಕದ್ದ ಖಾತೆಗಳನ್ನು ಅವರು ಮೀನು ಎಂದೇ ಕರೆದು ಒಬ್ಬರಿಗೊಬ್ಬರು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಅದರ ಕಾಗುಣಿತವೂ ಪಿ-ಎಚ್‌ನಿಂದಲೇ.

ಇನ್ನೆರಡು ಕಥೆಗಳು ಓಡಾಡುತ್ತವೆ. ಪಾಸ್‌ವರ್ಡ್ ಕೊಯ್ಲು ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಪಿ-ಎಚ್ ಆಯಿತು ಎನ್ನುವುದು ಒಂದು. ಪದ ಹುಟ್ಟಿದ ಮೇಲೆ ಅದಕ್ಕೆ ಹೊಲಿದ ಅಂಗಿ ಅದು. ಇನ್ನೊಂದು, ಚಾಟಿನಲ್ಲಿ ಬರುತ್ತಿದ್ದ `<><` ಎಂಬ ಗುರುತು ಮೀನಿನ ಹಾಗೆ ಕಾಣುವುದರಿಂದ ಹೆಸರು ಬಂತು ಎಂಬುದು. ಕೇಳಲು ಚೆಂದ. ಆದರೆ ಆ ಗುರುತಿನಿಂದ ಮೀನು ಬಂತು ಎಂದುಕೊಂಡರೂ ಪಿ-ಎಚ್ ಎಲ್ಲಿಂದ ಬಂತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಫ್ರೀಕ್‌ನಿಂದ ಬಂತೆಂಬ ವಿವರಣೆಯಲ್ಲಿ ಮಾತ್ರ ಕಾಗುಣಿತ, ಕಾಲ, ಜನ ಮೂರೂ ಕೂಡಿಬರುತ್ತವೆ.

ಹುಡುಗನಿಗೆ ಇಷ್ಟು ಹೇಳಿದಾಗ ಅವನು ಸುಮ್ಮನಾಗಲಿಲ್ಲ. “ಹಂಗಾರ ಫೋನಿಗ್ಯಾಕ ಪಿ-ಎಚ್ ಬಂತ್ರೀ?” ಎಂದ. ಫೋನ್ ಎಂಬುದು ದನಿ ಎಂಬ ಅರ್ಥದ ಗ್ರೀಕ್ ಪದ. ಹಳೆಯ ಗ್ರೀಕಿನಲ್ಲಿ ಅದರ ಮೊದಲಕ್ಷರದ ಉಚ್ಚಾರ ಎಫ್ ಆಗಿರಲಿಲ್ಲ. ಉಸಿರು ಬೆರೆಸಿದ ಪ ಆಗಿತ್ತು, ಫಲ ಎಂದು ಶಾಸ್ತ್ರಬದ್ಧವಾಗಿ ಹೇಳಿದಾಗ ಬರುವ ಮಹಾಪ್ರಾಣ. ರೋಮನ್ನರ ಬಳಿ ಅದಕ್ಕೆ ಅಕ್ಷರವಿರಲಿಲ್ಲ, ಪ-ಕಾರದ ಮುಂದೆ ಹ-ಕಾರ ಬರೆದು ಪಿ-ಎಚ್ ಮಾಡಿದರು. ಶತಮಾನಗಳು ಕಳೆದಂತೆ ಗ್ರೀಕರ ಬಾಯಲ್ಲಿ ಉಚ್ಚಾರ ಎಫ್‌ಗೆ ತಿರುಗಿತು, ಕಾಗುಣಿತ ಮಾತ್ರ ಹಾಗೇ ಉಳಿಯಿತು. ನಮ್ಮ ಫ ಅಕ್ಷರಕ್ಕೆ ಆಗಿರುವುದೂ ಇದೇ. ಮಹಾಪ್ರಾಣಕ್ಕೆಂದು ಇದ್ದ ಅಕ್ಷರದಲ್ಲೇ ನಾವೀಗ ಫೋನ್, ಫೀಸು, ಫೋಟೋ ಬರೆದು ಎಫ್ ಎಂದು ಓದುತ್ತೇವೆ. ನಮ್ಮ ಕಡೆಯ ಹಿರಿಯರು ಎರಡರ ಗೊಡವೆಗೂ ಹೋಗದೆ ಪೋನು ಎಂದುಬಿಡುತ್ತಾರೆ.

ಇದರಿಂದ ಕನ್ನಡದಲ್ಲಿ ಒಂದು ನಷ್ಟವಾಗಿದೆ, ಅದು ನನಗೆ ನಿಜವಾಗಿಯೂ ಚಿಂತೆಯ ವಿಷಯ. ಇಂಗ್ಲಿಷಿನಲ್ಲಿ ಮೀನು ಹಿಡಿಯುವುದೂ ಮೋಸವೂ ಬರಹದಲ್ಲಿ ಬೇರೆ ಬೇರೆ ಕಾಣುತ್ತವೆ. ಕನ್ನಡದಲ್ಲಿ ಎರಡೂ ಫಿಶಿಂಗ್. ಪದದ ಗುರುತು ಇದ್ದಿದ್ದೇ ಕಾಗುಣಿತದಲ್ಲಿ, ಲಿಪಿ ಬದಲಾದ ಕೂಡಲೇ ಅದು ಹೋಯಿತು. ಫಿಶಿಂಗ್ ಬಗ್ಗೆ ಎಚ್ಚರವಿರಲಿ ಎಂದು ಬ್ಯಾಂಕು ಕನ್ನಡದಲ್ಲಿ ಕಳಿಸಿದರೆ ಓದಿದವರಿಗೆ ಏನು ತಿಳಿಯಬೇಕು? ತುಂಗಭದ್ರೆಯ ದಂಡೆಯ ಊರುಗಳಲ್ಲಿ ಗಾಳ ಗೊತ್ತಿಲ್ಲದವರಿಲ್ಲ. ಗಾಳದ ಸಂದೇಶ ಎಂದು ಬರೆದರೆ ಮುನಿರಾಬಾದಿನಿಂದ ಸಿಂಧನೂರಿನವರೆಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹುಡುಗನ ಅಪ್ಪನ ವಿಷಯ. ಅವರದು ಭತ್ತದ ದಲಾಲಿ ಅಂಗಡಿ. ಸುಗ್ಗಿಯ ಹೊತ್ತಿಗೆ ದಿನಕ್ಕೆ ಹತ್ತಾರು ಸಲ ದುಡ್ಡು ಖಾತೆಗೆ ಬರುವುದು, ಹೋಗುವುದು. ಒಂದು ಸಂಜೆ ಮೆಸೇಜು ಬಂತು: ನಿಮ್ಮ ಖಾತೆಯ ಕೆವೈಸಿ ಅವಧಿ ಮುಗಿದಿದೆ, ಇಂದು ರಾತ್ರಿ ಖಾತೆ ಬಂದ್ ಆಗುತ್ತದೆ, ಕೆಳಗಿನ ಲಿಂಕ್ ಒತ್ತಿ. ಶುದ್ಧ ಇಂಗ್ಲಿಷು. ಮರುದಿನ ಬೆಳಿಗ್ಗೆ ರೈತರಿಗೆ ದುಡ್ಡು ಹಾಕಬೇಕಿದ್ದವರು ಗಾಬರಿಯಿಂದ ಲಿಂಕ್ ಒತ್ತಿದರು. ಬ್ಯಾಂಕಿನ ಪುಟದಂಥದ್ದೇ ಪುಟ ತೆರೆಯಿತು. ಯೂಸರ್ ಐಡಿ, ಪಾಸ್‌ವರ್ಡ್ ಹಾಕಿದರು. ಒಂದು ನಿಮಿಷದೊಳಗೆ ಬ್ಯಾಂಕಿನಿಂದ ಒಟಿಪಿ ಬಂತು, ಪುಟವೂ ಅದನ್ನೇ ಕೇಳುತ್ತಿತ್ತು.

ಕನ್ನಡಕ ಕೈಗೆ ಸಿಗದೆ ಅವರು ಒಟಿಪಿ ಓದಲು ಮಗನಿಗೆ ಹೇಳಿದರು. ಅವನು ಆರು ಅಂಕಿಯಷ್ಟೇ ಓದದೆ ಇಡೀ ಸಾಲು ಓದಿದ. ಹೊಸ ಬೆನಿಫಿಷಿಯರಿ ಸೇರಿಸಲು ಈ ಒಟಿಪಿ, ಯಾರಿಗೂ ಹೇಳಬೇಡಿ ಎಂದಿತ್ತು. “ಅಪ್ಪಾ, ಕೆವೈಸಿ ಅಂದಿ. ಇದು ಯಾರಿಗೋ ರೊಕ್ಕ ಕಳಸಾಕ ಹೆಸರು ಸೇರಸೂದೈತಿ.” ಅವರು ಕೈ ಹಿಂದೆ ತೆಗೆದರು. ಬ್ಯಾಂಕ್ ಪಾಸ್‌ಬುಕ್ಕಿನ ಮೇಲಿದ್ದ ನಂಬರಿಗೆ ಫೋನ್ ಹಚ್ಚಿ ನೆಟ್ ಬ್ಯಾಂಕಿಂಗ್ ಬಂದ್ ಮಾಡಿಸಿದರು. ದುಡ್ಡು ಉಳಿಯಿತು.

ಮರುದಿನ ಅಂಗಡಿಯಲ್ಲಿ ಕೂತು ಆ ಮೆಸೇಜನ್ನು ಇಬ್ಬರೂ ಬಿಡಿಸಿ ನೋಡಿದೆವು. ನಡೆದದ್ದು ನೀಲಿ ಡಬ್ಬಿಯ ಆಟವೇ. ಇವರು ಸುಳ್ಳು ಪುಟದಲ್ಲಿ ಹಾಕಿದ ಐಡಿ, ಪಾಸ್‌ವರ್ಡ್ ಆ ಕ್ಷಣವೇ ಕಳ್ಳನ ಕೈಸೇರಿವೆ. ಅವನು ಅದನ್ನು ಬ್ಯಾಂಕಿನ ನಿಜವಾದ ಪುಟದಲ್ಲಿ ಹಾಕಿ ಒಳಗೆ ಹೋಗಿ, ತನ್ನ ಕಡೆಯ ಖಾತೆಯನ್ನು ಸೇರಿಸಲು ಹೊರಟಿದ್ದಾನೆ. ಆದ್ದರಿಂದಲೇ ಒಟಿಪಿ ಅಸಲಿ ಬ್ಯಾಂಕಿನಿಂದ ಬಂದಿದ್ದು. ಇವರಿಗೆ ಎದುರಿಗಿರುವುದು ಬ್ಯಾಂಕು ಎನ್ನಿಸುತ್ತಿತ್ತು, ಬ್ಯಾಂಕಿಗೆ ಎದುರಿಗಿರುವುದು ಇವರೇ ಎನ್ನಿಸುತ್ತಿತ್ತು. ನಡುವೆ ಕೂತವನು ಇಬ್ಬರ ದನಿಯಲ್ಲೂ ಮಾತಾಡುತ್ತಿದ್ದ. ಆ ಕಾಲದ ಎಕ್ಸ್‌ಚೇಂಜು 2600ರ ಸ್ವರ ಯಾರು ಊದಿದರೂ ನಂಬಿದ ಹಾಗೆ, ಸರಿಯಾದ ಪಾಸ್‌ವರ್ಡ್ ಯಾರು ಒತ್ತಿದರೂ ಬ್ಯಾಂಕಿನ ಯಂತ್ರ ನಂಬುತ್ತದೆ.

ಲಿಂಕಿನ ವಿಳಾಸ ಓದುವುದನ್ನು ಅವರಿಗೆ ತೋರಿಸಿಕೊಟ್ಟೆ. ಬ್ಯಾಂಕಿನ ಹೆಸರು ತೆಗೆದು ಬರೆದರೆ ಆ ವಿಳಾಸದ ರೂಪ ಹೀಗಿತ್ತು:

```
https://nammabank.bank.in.kyc-update.example/login
```

ನಾವು ಎಡದಿಂದ ಓದುತ್ತೇವೆ, ಮೊದಲಿಗೇ ಬ್ಯಾಂಕಿನ ಹೆಸರು ಕಾಣುತ್ತದೆ, ಸಮಾಧಾನವಾಗುತ್ತದೆ. ಆದರೆ ವಿಳಾಸದ ಒಡೆಯ ಯಾರು ಎಂಬುದು ತಿಳಿಯಲು ಹಿಂದಿನಿಂದ ಓದಬೇಕು. ಶುರುವಿನ `//` ಆದ ಮೇಲೆ ಬರುವ ಮೊದಲ ಒಂಟಿ ಗೆರೆ `/` ಎಲ್ಲಿದೆ ನೋಡಿ. ಅದರ ಎಡಕ್ಕೆ ಅಂಟಿಕೊಂಡ ತುಂಡುಗಳೇ ಒಡೆಯನ ಹೆಸರು. ಇಲ್ಲಿ ಅದು `kyc-update.example`. ಅದರ ಎಡಕ್ಕಿರುವುದನ್ನೆಲ್ಲ ಆ ಒಡೆಯ ತನಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. ಮನೆ, ಓಣಿ, ಊರು ಎಂದು ಕಾಗದದ ವಿಳಾಸದಲ್ಲಿ ಊರು ಕೊನೆಗೆ ಬರುತ್ತದಲ್ಲ, ಹಾಗೆಯೇ. ಓಣಿಗೆ ಬ್ಯಾಂಕಿನ ಹೆಸರಿಟ್ಟರೆ ಊರು ಬದಲಾಗುವುದಿಲ್ಲ.

ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆಲ್ಲ ತಮ್ಮ ಜಾಲತಾಣದ ವಿಳಾಸವನ್ನು ಅದೇ ವರ್ಷದ ಅಕ್ಟೋಬರ್ 31ರೊಳಗೆ `.bank.in` ಎಂಬ ಕೊನೆಗೆ ಬದಲಿಸಿಕೊಳ್ಳಲು ಹೇಳಿತು. ಆ ಕೊನೆ ಬ್ಯಾಂಕುಗಳಿಗಷ್ಟೇ ಸಿಗುತ್ತದೆ. ಆದರೆ ಅದು ಒಂಟಿ ಗೆರೆಯ ಪಕ್ಕದಲ್ಲೇ ಇರಬೇಕು. ಮೇಲಿನ ವಿಳಾಸದ ಹಾಗೆ ನಡುವೆ ತುರುಕಿದ್ದರೆ ಅದಕ್ಕೆ ಬೆಲೆಯಿಲ್ಲ.

ಅವರು ಇನ್ನೊಂದು ಕೇಳಿದರು. “ಕಳಿಸಿದವನ ಹೆಸರು ನೋಡಿ ಹೇಳಾಕ ಬರಂಗಿಲ್ಲೇನ್ರೀ ಸರ?” ಸ್ವಲ್ಪ ಮಟ್ಟಿಗೆ ಬರುತ್ತದೆ. ಬ್ಯಾಂಕಿನ ಸಂದೇಶಗಳು ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ, `AX-******-S` ಎಂಬ ರೂಪದ ನೋಂದಾಯಿತ ಹೆಸರಿನಿಂದ ಬರುತ್ತವೆ. ನಡುವಿನ ಆರು ಅಕ್ಷರ ಸಂಸ್ಥೆಯ ಗುರುತು. 2025ರ ಮೇ ತಿಂಗಳಿಂದ ಕೊನೆಯಲ್ಲಿ ಒಂದು ಅಕ್ಷರವೂ ಸೇರಿದೆ: ಜಾಹೀರಾತಿಗೆ ಪಿ, ಸೇವೆಯ ಮಾಹಿತಿಗೆ ಎಸ್, ಹಣದ ವ್ಯವಹಾರಕ್ಕೆ ಟಿ, ಸರ್ಕಾರಕ್ಕೆ ಜಿ. ಅವರಿಗೆ ಬಂದ ಕೆವೈಸಿ ಮೆಸೇಜು ಬರಿಯ ಮೊಬೈಲ್ ನಂಬರಿನಿಂದ ಬಂದಿತ್ತು. ಅಳಿಸಿದ್ದ ಎಚ್ಚರಿಕೆ ಈ ರೂಪದ ಹೆಸರಿನಿಂದ ಬಂದಿತ್ತು. ಅವತ್ತು ಕಾಗುಣಿತದ ಬದಲು ಇದನ್ನು ನೋಡಿದ್ದರೆ ಎರಡನ್ನೂ ಸರಿಯಾಗಿ ಗುರುತಿಸುತ್ತಿದ್ದರು.

ಆದರೂ ಇದನ್ನೇ ಪೂರ್ತಿ ನಂಬುವ ಹಾಗಿಲ್ಲ. ಎಸ್ಸೆಮ್ಮೆಸ್ಸಿನಲ್ಲಿ ಕಳಿಸಿದವರ ಹೆಸರೂ ಸಂದೇಶವೂ ಒಂದೇ ದಾರಿಯಲ್ಲಿ ಬರುತ್ತವೆ. ಸುಳ್ಳು ಟವರಿನ ಹಾಗೆ ನಟಿಸುವ ಯಂತ್ರವಿದ್ದವನು ಆ ಹೆಸರನ್ನೂ ಹಾಕಿ ಕಳಿಸಬಲ್ಲ, ಆಗ ಅದು ಬ್ಯಾಂಕಿನ ಹಳೆಯ ಮೆಸೇಜುಗಳ ಸಾಲಿನಲ್ಲೇ ಬಂದು ಕೂರುತ್ತದೆ. ಅಮೆರಿಕದ ಫೋನ್ ಕಂಪನಿ ತನ್ನ ತೊಂದರೆ ಕಳೆದುಕೊಂಡ ರೀತಿ ಇಲ್ಲಿ ನೆನಪಿಡಬೇಕಾದ್ದು. ಶಿಳ್ಳೆ ಹೊಡೆಯುವವರನ್ನು ಹಿಡಿಯುವುದರಿಂದ ಅದು ಮುಗಿಯಲಿಲ್ಲ. 1970ರ ದಶಕದಿಂದ ಯಂತ್ರಗಳ ಆಜ್ಞೆಯನ್ನು ಮಾತಿನ ತಂತಿಯಿಂದ ತೆಗೆದು ಬೇರೆಯದೇ ಸಾಲಿಗೆ ಹಾಕುತ್ತ ಹೋದರು. ರಿಸೀವರಿನಲ್ಲಿ ಏನೇ ಊದಿದರೂ ಅದು ಆಜ್ಞೆಯಾಗದ ಹಾಗಾಯಿತು. ಹುಡುಗನ ಅಪ್ಪ ಪಾಸ್‌ಬುಕ್ಕಿನ ನಂಬರಿಗೆ ಫೋನ್ ಹಚ್ಚಿದ್ದೂ ಅದೇ ಕ್ರಮ. ಮೆಸೇಜು ಬಂದ ದಾರಿಯಲ್ಲೇ ಉತ್ತರಿಸದೆ, ಕಳ್ಳ ಬರೆಯಲಾಗದ ಬೇರೆ ಸಾಲು ಹಿಡಿದರು. ಒಟಿಪಿಯನ್ನೂ ಕೊಟ್ಟುಬಿಟ್ಟಿದ್ದರೆ ಮೊದಲು ಹಚ್ಚಬೇಕಾಗಿದ್ದ ನಂಬರು 1930, ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಖಾತೆಯಿಂದ ಖಾತೆಗೆ ಹಾರಿ ಎಟಿಎಮ್ಮಿನಿಂದ ಹೊರಬೀಳುವ ಮೊದಲು ತಡೆಹಿಡಿಸಲು ಸಮಯ ಬಹಳ ಕಡಿಮೆ ಇರುತ್ತದೆ.

ಮುಂದಿನ ವಾರ ಹುಡುಗ ಮತ್ತೊಂದು ಚೀಟಿ ತಂದ. ಈ ಸಲ ಅದರಲ್ಲಿ ಎರಡು ಪದ: `smishing`, `vishing`. ಬ್ಯಾಂಕಿನ ಹೊಸ ಮೆಸೇಜಿನಿಂದ ಬರೆದುಕೊಂಡಿದ್ದ. ಮೊದಲನೆಯದು ಎಸ್ಸೆಮ್ಮೆಸ್ಸಿನ ಗಾಳ, ಎರಡನೆಯದು ಫೋನ್ ಕರೆಯ ಗಾಳ, ದನಿ ಎಂಬ ಅರ್ಥದ `voice` ಪದದ ವಿ ಸೇರಿಸಿ ಮಾಡಿದ್ದು. ಗ್ರೀಕಿನ ಫೋನ್ ಅಂದರೇನು ಅಂತ ಹೇಳಿದ್ದೆ ನೆನಪೈತೇನೋ ಎಂದು ಕೇಳಿದೆ. ಚೀಟಿಯನ್ನೇ ನೋಡುತ್ತ ನಿಂತ.

“ದನೀರೀ,” ಎಂದ ಆಮೇಲೆ. “ಹಂಗಾರ ಪಿ-ಎಚ್ ಅಂದ್ರೂ ದನೀನ ಆಗಿತ್ತಲ್ರೀ. ಮತ್ಯಾಕ ತಗದ್ರು?”